ನೆಟ್ಟಗಾದ ಗೆರೆ

ಲಾರ್ನ್ ವಾಸಿಲಿವ್‌ಗೆ ಅಂಗಡಿಯ ತಕ್ಕಡಿಯ ಮೇಲೂ ನಂಬಿಕೆಯಿಲ್ಲ. ಡಬ್ಬಿಯ ಮೇಲಿನ ತಾರೀಕು ಏನೇ ಹೇಳಲಿ, ಹಾಲನ್ನು ಮೂಸಿ ನೋಡಿಯೇ ಲೋಟಕ್ಕೆ ಸುರಿಯುತ್ತಾನೆ. ರೇಡಿಯೋದವರು ಮೈನಸ್ ಇಪ್ಪತ್ತೇಳು ಡಿಗ್ರಿ ಚಳಿ ಎಂದರೆ ಬಾಗಿಲು ತೆರೆದು ಮೂಗು ಹೊರಗಿಟ್ಟು ಖಾತ್ರಿ ಮಾಡಿಕೊಳ್ಳುತ್ತಾನೆ. "ಮದುವೆಗೆ ಮುಂಚೆ ಚರ್ಚಿನ ದಫ್ತರ ತೆಗೆಸಿ ನನ್ನ ವಯಸ್ಸು ನೋಡಿದ್ದ ಮಹಾನುಭಾವ" ಎಂದು ಹೆಂಡತಿ ಡೋರೀನ್ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಆ ಮಾತು ಸುಳ್ಳೂ ಅಲ್ಲ.

ಇಂಥವನಿಗೆ ಹೇಳಿ ಮಾಡಿಸಿದ ಕೆಲಸವೇ ಸಿಕ್ಕಿತ್ತು. ವಿನಿಪೆಗ್ ನಗರದ ಹಳೆ ಕಟ್ಟಡಗಳಲ್ಲಿ ಹೊಸ ಪೈಪು ಹಾಯಿಸಲು ಕಾಂಕ್ರೀಟ್ ನೆಲ ಕೊರೆಯುವ ಮೊದಲು, ಒಳಗೆ ಏನೇನು ಹುದುಗಿದೆ ಎಂದು ರಾಡಾರ್ ಗಾಡಿ ಉರುಳಿಸಿ ನೋಡುವುದು. ಕಬ್ಬಿಣ ಎಲ್ಲಿದೆ, ಕರೆಂಟಿನ ತಂತಿಯ ಪೈಪು ಎಲ್ಲಿ ಹಾದಿದೆ ಎಂದು ಮೇಣದ ಬಳಪದಿಂದ ನೆಲದ ಮೇಲೆ ಗೆರೆ ಎಳೆಯುವುದು. ಕಾಂಕ್ರೀಟು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಯಾರನ್ನೂ ನಂಬದವನೇ ಅದಕ್ಕೆ ಸರಿ. ಇಪ್ಪತ್ತಾರು ವರ್ಷ ಅವನ ಗೆರೆ ನೋಡಿ ಕೊರೆದವರು ಒಂದೇ ಒಂದು ತಂತಿಯನ್ನೂ ಕಡಿದಿರಲಿಲ್ಲ.

ನೆಲದ ಗೆರೆ ಕಸಗುಡಿಸುವವರ ಕೈಯಲ್ಲಿ ಅಳಿದುಹೋಗುತ್ತದೆಂದು ಕಂಪನಿಯವರು ಟ್ಯಾಬ್ಲೆಟ್ ಕೊಟ್ಟರು. ಮಹಡಿಯ ಪಿಡಿಎಫ್ ನಕ್ಷೆ ಪರದೆ ಮೇಲೆ ಬರುತ್ತದೆ. ಡಿಜಿಟಲ್ ಪೆನ್ನಿನಿಂದ ನೆಲದ ಗೆರೆಗಳನ್ನೇ ಅದರ ಮೇಲೆ ಕೆಂಪಾಗಿ ಎಳೆದರೆ ಆಯಿತು. ಆಫೀಸಿನಲ್ಲಿ ಹೈಡಿ ಟೋವ್ಸ್ ಎಂಬ ಹೊಸ ಎಂಜಿನಿಯರ್ ಅದಕ್ಕೆ ಹೆಸರು, ತಾರೀಕು ಸೇರಿಸಿ ಕೊರೆಯುವವರಿಗೆ ಕಳಿಸುತ್ತಾಳೆ.

ನವೆಂಬರಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೊರೆಯುವವನು ಕರೆಂಟಿನ ಪೈಪಿಗೇ ಬೈರಿಗೆ ಇಳಿಸಿಬಿಟ್ಟ. ಯಾರಿಗೂ ಪೆಟ್ಟಾಗಲಿಲ್ಲ, ಮೂರು ಮಹಡಿಯ ದೀಪ ಹೋಯಿತು, ಅಷ್ಟೇ. ಆದರೆ ನಕ್ಷೆಯಲ್ಲಿ ಲಾರ್ನ್‌ನ ಹೆಸರಿತ್ತು. ಅವನು ಅದನ್ನು ತೆರೆದು ನೋಡಿದ. ಕಂಬದ ಪಕ್ಕದಲ್ಲಿ ಒಂದಿಷ್ಟು ಬಾಗಿ ಹೋಗಿದ್ದ ಪೈಪು ಅಲ್ಲಿ ಕಡ್ಡಿಯಷ್ಟು ನೆಟ್ಟಗೆ ಕೂತಿತ್ತು. ನೆಲದೊಳಗಿನ ಕರೆಂಟಿನ ಪೆಟ್ಟಿಗೆಗಳ ಸುತ್ತ ಅವನು ಹಾಕಿದ್ದ ಡೊಂಕು ಸುತ್ತುಗಳೂ ಬಳೆಯ ಹಾಗೆ ದುಂಡಗಾಗಿದ್ದವು.

"ಇದು ನನ್ನ ಕೈಯಲ್ಲ" ಎಂದ ಅವನು. "ನನ್ನ ಗೆರೆ ಯಾವತ್ತು ಇಷ್ಟು ಚೆಂದ ಇತ್ತು? ಯಾರೋ ತಿದ್ದಿದ್ದಾರೆ."

ಯಾರೋ ಎಂದರೆ ಯಾರೆಂದು ಅವನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಗಿರಾಕಿಗಳಿಗೆ ಅಂದವಾಗಿ ಕಾಣಲೆಂದು ಆಫೀಸಿನ ಆ ಹುಡುಗಿ ಹೈಡಿ ಕೂತು ತೀಡುತ್ತಿದ್ದಾಳೆ. ಅಂದಿನಿಂದ ಅವಳ ಮೇಲೆ ಕಣ್ಣಿಟ್ಟ. ಅವಳು ಪರದೆಯ ಕಿಟಕಿ ಮುಚ್ಚಿದರೆ ಅನುಮಾನ, ತೆರೆದಿಟ್ಟರೆ ಇನ್ನೂ ಅನುಮಾನ. ಅವಳು ಡೋನಟ್ ತಂದುಕೊಟ್ಟ ದಿನವಂತೂ ಖಚಿತವಾಗಿಹೋಯಿತು. "ತಪ್ಪು ಮಾಡದೋರು ಸುಮ್‌ಸುಮ್ನೆ ಯಾಕೆ ತಿಂಡಿ ಹಂಚ್ತಾರೆ?" ಎಂದು ಡೋರೀನ್‌ಳನ್ನು ಕೇಳಿದ. "ತಪ್ಪು ಮಾಡದೋರೂ ತಿಂಡಿ ತಿಂತಾರೆ ಕಣೋ" ಎಂದಳು ಅವಳು. ಹೋದ ಹೋದ ಕಟ್ಟಡದಲ್ಲೆಲ್ಲ ಕೊರೆಯುವವರ ಕಿವಿಗೆ ಈ ಸುದ್ದಿ ಹಾಕಿದ್ದೂ ಅಲ್ಲದೆ, ಕಂಪನಿಯ ಒಡೆಯ ಬ್ರೆಂಟ್‌ಗೆ ಬರೆದೂ ಕೊಟ್ಟ. ಹೈಡಿಯ ಆರು ತಿಂಗಳ ಪರೀಕ್ಷಾ ಅವಧಿ ಆ ಶುಕ್ರವಾರಕ್ಕೆ ಮುಗಿಯುವುದರಲ್ಲಿತ್ತು.

ಬ್ರೆಂಟ್ ಅವರಿಬ್ಬರನ್ನೂ ಗುರುವಾರ ಬೆಳಿಗ್ಗೆ ಒಂದೇ ಕಟ್ಟಡಕ್ಕೆ ಅಟ್ಟಿದ. "ಒಂದೋ ನಿನ್ನ ಕೈ ಸರಿಯಿಲ್ಲ, ಇಲ್ಲ ಅವಳ ಕೈ ಸರಿಯಿಲ್ಲ. ಸಂಜೆಯೊಳಗೆ ನಂಗೆ ಗೊತ್ತಾಗ್ಬೇಕು. ಯಾರದು ಸರಿಯಿಲ್ವೋ ಅವ್ರು ಸೋಮವಾರ ಬರೋದು ಬೇಡ."

ಆರನೇ ಮಹಡಿಯಲ್ಲಿ ಲಾರ್ನ್ ಗಾಡಿ ಉರುಳಿಸಿ ಬಳಪದ ಗೆರೆಗಳನ್ನು ಎಳೆದ. ಪ್ರತಿ ಗೆರೆಯ ಕೊನೆಗೂ ಬಳಪವನ್ನು ಒತ್ತಿ ಹಿಡಿದು ಒಂದು ಬೊಟ್ಟು ಮೂಡಿಸಿದ. ಗೆರೆ ಮುಗಿದದ್ದೆಲ್ಲಿ, ಅಳಿಸಿಹೋದದ್ದೆಲ್ಲಿ ಎಂದು ಕೊರೆಯುವವರಿಗೆ ಗೊತ್ತಾಗಲೆಂದು ಈ ಕಸುಬಿನ ಹಳಬರೆಲ್ಲ ಹೀಗೇ ಮಾಡುವುದು. ಆಮೇಲೆ ಟ್ಯಾಬ್ಲೆಟ್ ಎತ್ತಿಕೊಂಡ.

"ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋ" ಎಂದ ಹೈಡಿಗೆ.

"ನಾನೇನು ಸ್ಕೂಲ್ ಹುಡುಗೀನಾ?" ಎಂದರೂ ಅವಳು ಕೈ ಕಟ್ಟಿಕೊಂಡೇ ನಿಂತಳು. "ನಿಜ ಹೇಳ್ಲಾ? ನಿಮ್ಮ ಗೆರೆ ನೋಡಿ ನಂಗೆ ಹೊಟ್ಟೆಕಿಚ್ಚಾಗ್ತಿತ್ತು. ಈ ವಯಸ್ಸಲ್ಲಿ ಎಂಥಾ ಕೈ ಅಂತ."

ಲಾರ್ನ್ ಪೆನ್ನು ಕೈಗೆ ತೆಗೆದುಕೊಂಡ. ಕಂಬದ ಹತ್ತಿರ ಬಾಗಿದ ಪೈಪನ್ನು ಪರದೆಯ ಮೇಲೆ ಎಳೆದ. ಪೆನ್ನಿನ ತುದಿಯನ್ನು ಗೆರೆಯ ಕೊನೆಯಲ್ಲಿ ಒತ್ತಿ ಹಿಡಿದಿರುವಾಗಲೇ ಅವನ ಕಣ್ಣು ಮುಂದಿನ ಗೆರೆ ಹುಡುಕಿಕೊಂಡು ನೆಲಕ್ಕೆ ಹೋಗಿತ್ತು.

"ಅಯ್ಯೋ" ಎಂದಳು ಹೈಡಿ ಮೆಲ್ಲಗೆ. "ಲಾರ್ನ್, ಪಕ್ಕದಲ್ಲಿ ಇನ್ನೊಂದ್ಸಲ ಎಳೀರಿ. ಈ ಸಲ ನೆಲ ನೋಡ್ಬೇಡಿ, ಪರದೆ ನೋಡಿ."

ಎಳೆದ, ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾಗಿದ್ದ ಗೆರೆ ಅವನ ಕಣ್ಣೆದುರಿಗೇ ಚಟಕ್ಕನೆ ನೆಟ್ಟಗಾಯಿತು.

"ನಿನ್ ಫೋನ್ ಎಲ್ಲಿ?"

"ಜೇಬಲ್ಲಿ."

"ಇಲ್ಲಿ ಕೊಡು."

ಅದರಿಂದಲೇ ಏನಾದರೂ ಮಾಡುತ್ತಿರಬಹುದೆಂದು ಅವಳ ಫೋನನ್ನು ಇಸಿದುಕೊಂಡು ತನ್ನ ಕೋಟಿನ ಒಳಜೇಬಿಗೆ ಸೇರಿಸಿ ಮತ್ತೆ ಎಳೆದ. ಮತ್ತೆ ನೆಟ್ಟಗಾಯಿತು. ಕಂಬದ ಬುಡದ ಪೆಟ್ಟಿಗೆಗೆ ಡೊಂಕಾಗಿ ಒಂದು ಸುತ್ತು ಹಾಕಿ ಒತ್ತಿದ. ಅದು ದುಂಡಗಾಯಿತು.

ಹೈಡಿ ಅನುಮತಿ ಕೇಳಿ ಒಂದು ಬೆರಳು ಚಾಚಿ, ಹಿಂದಿನ ಹೆಜ್ಜೆಗೆ ಮರಳುವ ಬಾಣದ ಗುರುತನ್ನು ಮುಟ್ಟಿದಳು. ದುಂಡು ಕಳಚಿ ಅವನದೇ ಡೊಂಕು ಸುತ್ತು ವಾಪಸು ಬಂತು. "ಗೆರೆ ಎಳೆದು ಪೆನ್ನು ಎತ್ತದೆ ಹಿಡ್ಕೊಂಡ್ರೆ, ಇವ್ರಿಗೆ ಅಚ್ಚುಕಟ್ಟಾದ ಆಕಾರ ಬೇಕು ಅಂತ ಇದು ತಿಳ್ಕೊಳ್ಳುತ್ತೆ. ಅಕ್ಟೋಬರಿನ ಅಪ್‌ಡೇಟಲ್ಲಿ ಬಂದಿದ್ದು. ನಾನು ಬೇಗ ಎತ್ತಿಬಿಡ್ತೀನಿ, ಅದ್ಕೇ ನಂಗೆ ಯಾವತ್ತೂ ಆಗ್ಲಿಲ್ಲ. ನೀವು ಒತ್ತಿ ಹಿಡೀತೀರಿ."

ಲಾರ್ನ್ ಒತ್ತದೆ ಒಮ್ಮೆ ಎಳೆದು ನೋಡಿದ. ಬಾಗು ಬಾಗಾಗಿಯೇ ಉಳಿಯಿತು. ಮತ್ತೊಮ್ಮೆ, ಮಗದೊಮ್ಮೆ ಎಳೆದ. ಅನುಮಾನಿಸಲು ಇನ್ನು ಯಾರೂ ಉಳಿದಿರಲಿಲ್ಲ. ನಾಚಿಕೆಯಿಂದ ಆ ಹುಡುಗಿಯ ಮುಖ ನೋಡಲಾಗದೆ ಕಂಬವನ್ನೇ ನೋಡುತ್ತ ನಿಂತ.

"ಹಳೇ ನಕ್ಷೆಗಳನ್ನೂ ಹಿಂದಕ್ಕೆ ತಿರುಗಿಸ್ಬಹುದಾ?"

"ಇಲ್ಲ. ಉಳಿಸಿ ಮುಚ್ಚಿದ್ಮೇಲೆ ಆ ಬಾಣಕ್ಕೆ ಏನೂ ನೆನಪಿರಲ್ಲ."

"ಅಕ್ಟೋಬರಿಂದ ಎಷ್ಟು ಹೋಗಿವೆ?"

"ಹದಿನಾಲ್ಕು. ಕೊರೆಯದೆ ಉಳಿದಿರೋದು ಮೂರು." ಅವಳು ಬೆರಳು ಮಡಚಿ ಯೋಚಿಸಿ ಗಾಬರಿಯಾದಳು. "ಅದ್ರಲ್ಲಿ ಒಂದು ಇವತ್ತೇ. ಸ್ಕೂಲಿನ ಬಾಯ್ಲರ್ ಕೋಣೆ. ಹತ್ತು ಗಂಟೆಗೆ."

ಹತ್ತಕ್ಕೆ ಇನ್ನು ಎಂಟೇ ನಿಮಿಷ ಇತ್ತು. ಅವಳು ತನ್ನ ಫೋನಿಗಾಗಿ ಕೈ ಚಾಚಿದಳು. "ಕೊಡಿ, ನಾನೇ ಹೇಳ್ತೀನಿ."

"ಬೇಡ" ಎಂದ ಲಾರ್ನ್. ಕೈಗವಸು ತೆಗೆದು ತನ್ನ ಫೋನಿನಲ್ಲೇ ಸ್ಕೂಲಿನಲ್ಲಿ ಕೊರೆಯುವವನ ನಂಬರ್ ಒತ್ತಿದ. ಅತ್ತಲಿನ ಯಂತ್ರದ ಸದ್ದಿನ ನಡುವೆ ಅವನ ಮಾತು ಕೇಳಿಸಲಿ ಎಂದು ಸ್ಪೀಕರಿಗೆ ಹಾಕಿದ.

"ಮಾರ್ಸೆಲ್, ನಾನು ಲಾರ್ನ್. ಬೈರಿಗೆ ಇಳಿಸ್ಬೇಡ. ಆ ನಕ್ಷೆ ತಪ್ಪು. ನಾನೇ ಬಂದು ಮತ್ತೆ ನೋಡ್ತೀನಿ, ಅಲ್ಲೀವರ್ಗೂ ಮುಟ್ಬೇಡ."

ಸದ್ದು ನಿಂತಿತು. ಮಾರ್ಸೆಲ್ ನಕ್ಕದ್ದು ಆರನೇ ಮಹಡಿಯ ಖಾಲಿ ಗೋಡೆಗಳಿಗೆಲ್ಲ ಕೇಳಿಸಿತು. "ಯಾಕೋ, ಆ ನಿನ್ನ ಕಳ್ಳಿ ಮತ್ತೆ ಕೈಯಾಡಿಸಿದ್ಲಾ?"

ಹೈಡಿ ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ಲಾರ್ನ್ ಈಗ ನೋಡಲೇಬೇಕಾಯಿತು.

"ಅವ್ಳು ಕಳ್ಳಿ ಅಲ್ಲ" ಎಂದ. "ಅವ್ಳು ಯಾವ್ದನ್ನೂ ಮುಟ್ಟಿಲ್ಲ. ಕೆಡಿಸಿದ್ದು ನಾನು. ಅಲ್ಲಿ ಯಾರ್ಯಾರಿಗೆ ನಾನು ಹೇಳಿದ್ನೋ ಅವ್ರಿಗೆಲ್ಲ ಇದನ್ನೂ ಹೇಳು."

ಫೋನ್ ಇಳಿಸಿ, ಒಳಜೇಬಿನಿಂದ ಅವಳ ಫೋನ್ ತೆಗೆದು ಅವಳ ಕೈಗಿಟ್ಟ.

"ಉಳಿದೆರಡರ ನಂಬರ್ ಓದು" ಎಂದ. "ಆಮೇಲೆ ಬ್ರೆಂಟ್‌ದು."