ಮನೆಗೊಂದೇ ನಂಬರ್

ಲಿಫ್ಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಆ ನೋಟೀಸನ್ನು ಕಂಡಕ್ಟರಮ್ಮ ಎರಡು ಸಲ ಓದಿದಳು. ಎರಡನೇ ಸಲಕ್ಕೆ ಅವಳ ಮೈಯೆಲ್ಲ ಉರಿದುಹೋಯಿತು.

"ಎಲ್ಲ ಸದಸ್ಯರ ಗಮನಕ್ಕೆ. ಸಂಘದ ಗ್ರೂಪಿಗಾಗಿ ತಮ್ಮ ಮೊಬೈಲ್ ನಂಬರನ್ನು ತಿಂಗಳ ಕೊನೆಯೊಳಗೆ ಸರಿಪಡಿಸಿಕೊಳ್ಳತಕ್ಕದ್ದು. ಮನೆಗೊಂದೇ ನಂಬರ್. ನೀರು, ಲಿಫ್ಟು, ಜನರೇಟರಿನ ವಿಷಯಗಳನ್ನು ಇನ್ನು ಮುಂದೆ ಗ್ರೂಪಿನಲ್ಲಿ ಮಾತ್ರ ತಿಳಿಸಲಾಗುವುದು. ಆಮೇಲೆ ಗೊತ್ತಾಗಲಿಲ್ಲ ಎಂದು ದೂರುವಂತಿಲ್ಲ."

ದೂರುವಂತಿಲ್ಲವಂತೆ! ಹೇಳೋರು ಕೇಳೋರು ಯಾರೂ ಇಲ್ಲ ಅಂದುಕೊಂಡುಬಿಟ್ಟಿದ್ದಾರಾ ಇವರು? ಈ ಮೂರು ವರ್ಷದಲ್ಲಿ ಇಂಥ ಫಾರಂ ಎರಡು ಸಲ ಬಂದಿತ್ತು. ಎರಡು ಸಲವೂ ಅವಳು ತನ್ನ ನಂಬರನ್ನೇ ತುಂಬಿ ಮೇಜಿನ ಮೇಲಿಟ್ಟು, "ವಾಚ್‌ಮನ್ ಬಂದ್ರೆ ಕೊಟ್ಬಿಡಪ್ಪಾ" ಎಂದು ಅಪ್ಪನಿಗೆ ಹೇಳಿ ಬೆಳಗಿನ ಐದಕ್ಕೇ ಡಿಪೋಗೆ ಹೋಗಿದ್ದಳು. ಗ್ರೂಪಿಗೆ ಮಾತ್ರ ಅವಳನ್ನು ಯಾರೂ ಸೇರಿಸಲಿಲ್ಲ. ಬಸ್ಸಿನಲ್ಲಿ ದಿನಕ್ಕೆ ಆರುನೂರು ಜನರ ಜೊತೆ ಗಂಟಲು ಹರಿದುಕೊಳ್ಳುವವಳಿಗೆ, ಇನ್ನೊಂದು ಗ್ರೂಪಿನ ಗಲಾಟೆ ಇಲ್ಲದ್ದು ಒಳ್ಳೆಯದೇ ಅನ್ನಿಸಿ ಸುಮ್ಮನಿದ್ದಳು. ಏನಾದರೂ ವಿಷಯವಿದ್ದರೆ ವಾಚ್‌ಮನ್ ಬಾಯಲ್ಲೇ ಹೇಳುತ್ತಿದ್ದ.

ಹೋದ ಮಂಗಳವಾರ ಆ ವಾಚ್‌ಮನ್ ರಜೆಯಲ್ಲಿದ್ದ.

ಅಪ್ಪನಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಗ್ಗೆ ಎಂಟಕ್ಕೆ ಮೆಷಿನ್ನಿಗೆ ಹಾಕಿದರೆ ನಾಲ್ಕು ಗಂಟೆ. ಆ ಮೂರು ದಿನ ಅವಳು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದಳು. ಅಂದು ಏಳು ಗಂಟೆಗೆ ಗಾಲಿಕುರ್ಚಿ ತಳ್ಳಿಕೊಂಡು ಮೂರನೇ ಮಹಡಿಯ ಲಿಫ್ಟಿನ ಮುಂದೆ ನಿಂತು ಗುಂಡಿ ಒತ್ತಿದರೆ, ದೀಪವೂ ಇಲ್ಲ, ಸದ್ದೂ ಇಲ್ಲ. ಲಿಫ್ಟಿನ ಹಗ್ಗ ಬದಲಾಯಿಸುತ್ತಿದ್ದಾರೆ, ಸಂಜೆಯವರೆಗೂ ಬಂದ್ ಎಂದು ಕೆಳಗಿನಿಂದ ಯಾರೋ ಕೂಗಿ ಹೇಳಿದರು. ಅವರಿವರ ಕಾಲು ಹಿಡಿದು, ಇಬ್ಬರನ್ನು ಒಪ್ಪಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿ ಇಳಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಸೆಂಟರಿನಲ್ಲಿ ಮುಂದಿನ ರೋಗಿ ಕಾಯುತ್ತಿದ್ದ. ನಾಲ್ಕು ಗಂಟೆಯ ಬದಲು ಎರಡೂವರೆ ಗಂಟೆಗೇ ಮುಗಿಸಿ ಅಪ್ಪನ ಸೂಜಿ ತೆಗೆದರು. ಮಾರನೆಯ ದಿನ ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ ಅಪ್ಪನಿಗೆ. ಗುರುವಾರದ ಮೆಷಿನ್ನಿನವರೆಗೂ ದಿಂಬಿಗೆ ಒರಗಿ ಕೂತೇ ಕಳೆದ. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ನೋಟೀಸನ್ನು ಗೋಡೆಯಿಂದ ಪರ್ರನೆ ಕಿತ್ತುಕೊಂಡೇ ಅವಳು ಸಂಘದ ಆಫೀಸಿಗೆ ನುಗ್ಗಿದಳು. ನೆಲಮಾಳಿಗೆಯಲ್ಲಿ ನೀರಿನ ಪಂಪಿನ ಪಕ್ಕದ ಒಂದು ಕೋಣೆ ಅದು. ಸೆಕ್ರೆಟರಿ ಕನ್ನಡಕ ಮೂಗಿಗಿಳಿಸಿ ಫಾರಂ ಜೋಡಿಸುತ್ತಿದ್ದರು.

"ಯಾಕಮ್ಮಾ, ನೋಟೀಸು ಕಿತ್ಕೊಂಡು ಬಂದಿದೀರ?"

"ಗೋಡೆ ಮೇಲಿದ್ರೆ ಯಾರಿಗೆ ಉಪಯೋಗ ಸಾರ್? ಲಿಫ್ಟ್ ನಿಲ್ಲಿಸ್ತೀವಿ ಅಂತ ನಂಗೆ ಯಾಕೆ ಹೇಳ್ಲಿಲ್ಲ? ನಮ್ಮಪ್ಪ ಸತ್ತಿದ್ರೆ ಹಾರ ತರ್ತಿದ್ರಾ?"

"ಗ್ರೂಪಲ್ಲಿ ಹಾಕಿದೀವಲ್ಲಮ್ಮಾ, ಎರಡು ದಿನ ಮುಂಚೆನೇ. ನಿಮ್ಮನೆಯವರು ನೋಡಿದಾರೆ ಕೂಡ." ಅವರು ತಮ್ಮ ಫೋನು ತಿರುಗಿಸಿ ತೋರಿಸಿದರು. ಲಿಫ್ಟಿನ ಸಂದೇಶದ ಕೆಳಗೆ ಯಾರೋ ಒಂದು ಹೆಬ್ಬೆರಳು ಎತ್ತಿದ್ದರು. ಒತ್ತಿ ನೋಡಿದರೆ ಅವಳ ಮನೆ ನಂಬರು, ಅದರ ಮುಂದೆ ಅವಳ ಗಂಡನ ಹೆಸರು.

ಏಳು ವರ್ಷದ ಹಿಂದೆ ಬಟ್ಟೆಯ ಬ್ಯಾಗು ತೆಗೆದುಕೊಂಡು ಇನ್ನೊಬ್ಬಳ ಮನೆಗೆ ಹೋದ ಗಂಡ. ಮನೆ ಅವಳ ಸಂಬಳದ ಸಾಲದಲ್ಲಿ ಕೊಂಡದ್ದು, ಪತ್ರ ಅವಳ ಹೆಸರಿನಲ್ಲಿದೆ. ಆ ಮನುಷ್ಯ ಎಲ್ಲೋ ಕೂತು, ಅವಳ ಮನೆಯ ನೀರು ಯಾವಾಗ ನಿಲ್ಲುತ್ತದೆ, ಲಿಫ್ಟು ಯಾವಾಗ ನಿಲ್ಲುತ್ತದೆ ಎಲ್ಲ ಓದಿ ಹೆಬ್ಬೆರಳು ಎತ್ತುತ್ತಿದ್ದಾನೆ! ಅವಳ ದನಿ ಪಂಪಿನ ಸದ್ದೂ ಕೇಳದಷ್ಟು ಜೋರಾಗಿತ್ತು.

"ಟಿಕೆಟ್ ಇಲ್ದೆ ಮೂರು ವರ್ಷ ಕೂರಿಸ್ಕೊಂಡು ಹೋಗ್ತಿದೀರಲ್ರೀ ಅವನನ್ನ! ಯಾರನ್ನ ಕೇಳಿ? ಸದಸ್ಯೆ ನಾನು. ವರ್ಷಾವರ್ಷ ಮೀಟಿಂಗ್ ಪುಸ್ತಕಕ್ಕೆ ಸೈನ್ ಹಾಕೋಳು ನಾನು. ಗಂಡಸಿನ ಹೆಸರಿದ್ರೇ ಮನೆ ಅಂತನಾ ನಿಮ್ಮ ಲೆಕ್ಕ?"

ಸೆಕ್ರೆಟರಿಗೂ ರೇಗಿತು. "ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನಾನೇನು ಕನಸು ಕಂಡು ಬರೀತೀನಾ? ಫಾರಮ್ಮಲ್ಲಿ ಏನಿರುತ್ತೋ ಅದನ್ನೇ ರಿಜಿಸ್ಟರಿಗೆ ಏರಿಸೋದು. ನೀವೇ ಕಳಿಸಿದ ಫಾರಂ ನೋಡಿ ಬೇಕಾದ್ರೆ!"

"ತೆಗೀರಿ. ತೆಗೀರಿ ನೋಡೋಣ!"

ಅವರು ಬೀರುವಿನಿಂದ ಕಡತ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಎರಡು ಫಾರಂಗಳನ್ನು ಅವಳ ಮುಂದೆ ಹಾಕಿದರು. ಎರಡರಲ್ಲೂ ಗಂಡನ ಹೆಸರು, ಗಂಡನ ನಂಬರು. ಅವಳು ತುಂಬಿಟ್ಟಿದ್ದ ಫಾರಂಗಳೇ ಅಲ್ಲ ಅವು. ಆದರೆ ಆ ಅಂಕಿಗಳು!

ಏಳಕ್ಕೆ ನಡುವೆ ಒಂದು ಅಡ್ಡಗೆರೆ. ಎರಡರ ಬಾಲಕ್ಕೆ ಪುಟ್ಟ ಸುಳಿ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಬಸ್ಸಿನ ನೆತ್ತಿಯ ಮೇಲೆ ಇದೇ ಏಳು, ಇದೇ ಎರಡು ಇದ್ದವು. ಡಿಪೋದ ಬಸ್ಸುಗಳಿಗೆಲ್ಲ ರೂಟಿನ ಬೋರ್ಡು ಬರೆಯುತ್ತಿದ್ದದ್ದು ಅಪ್ಪ. ಆ ಕೈಬರಹವನ್ನು ಅವಳು ಕತ್ತಲಲ್ಲಿ ಕೈಯಾಡಿಸಿದರೂ ಗುರುತು ಹಿಡಿದಾಳು.

"ನಿಮ್ಮ ತಂದೆಯವರೇ ಕೊಟ್ಟಿದ್ದು," ಎಂದರು ಸೆಕ್ರೆಟರಿ, ಈಗ ದನಿ ತಗ್ಗಿಸಿ. "ಅಳಿಯಂದಿರಿಗೆ ಹೊರ ಊರಲ್ಲಿ ಕೆಲಸ, ಬಂದು ಹೋಗಿ ಮಾಡ್ತಾರೆ ಅಂದ್ರು. ನಾವು ನಂಬಿದ್ವಿ."

ಅವಳು ಖಾಲಿ ಫಾರಂ ಒಂದನ್ನು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಲಿಫ್ಟು ಕೆಲಸ ಮಾಡುತ್ತಿತ್ತು. ಆದರೂ ಹತ್ತಿಯೇ ಹೋದಳು.

ಅಪ್ಪ ಹಾಸಿಗೆಯ ಮೇಲೆ ಎಡಗೈಯ ಪಟ್ಟಿಯನ್ನು ಸವರುತ್ತಾ ಕೂತಿದ್ದ. ಅವಳು ಫಾರಂ ಎದುರಿಗೆ ಹಿಡಿದದ್ದೇ ತಡ, ಅವನು ಕಣ್ಣು ತಪ್ಪಿಸಿ ತಲೆ ತಗ್ಗಿಸಿದ.

"ಯಾಕಪ್ಪಾ? ನಾನು ಬರೆದಿಟ್ಟಿದ್ದನ್ನ ಹರಿದು ಹಾಕಿ ಅವನ ನಂಬರ್ ಬರೆದೆಯಲ್ಲ, ಯಾಕೆ?"

"ಒಂಟಿ ಹೆಂಗಸಿನ ಮನೆ ಅಂತ ಯಾರೂ ಆಡ್ಕೋಬಾರದು ಅಂತ ಮಗಾ. ಅವನೂ ಎಲ್ಲಾನೂ ನೋಡ್ತಿದ್ರೆ, ಒಂದಲ್ಲ ಒಂದಿನ ಮನಸು ಕರಗಿ..."

"ಕರಗಿತಲ್ಲ! ಹೆಬ್ಬೆರಳು ತೋರಿಸ್ದ!" ಅವಳು ಕಿರುಚಿದಳು. "ಅವನ ಮನಸು ಕರಗೋದು ಕಾಯ್ತಾ ನೀನು ಉಸಿರಾಡೋಕೆ ಒದ್ದಾಡ್ದೆ. ನಿನ್ನ ಗಾಡಿ ತಳ್ಳೋಳು ನಾನು. ನಿನ್ನ ಮೆಷಿನ್ನಿಗೆ ಪಾಳಿ ಬದಲಾಯಿಸ್ಕೊಂಡೋಳು ನಾನು. ನನ್ನ ಹೆಸರು ಬರೆಯೋಕೆ ನಿಂಗೆ ನಾಚಿಕೆ!"

ಅಪ್ಪ ಕಣ್ಣಿಂದ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ. ಊಟದ ತಟ್ಟೆಯನ್ನು ಬೋರಲು ಹಾಕಿ ಅವನ ತೊಡೆಯ ಮೇಲಿಟ್ಟು, ಅದರ ಮೇಲೆ ಫಾರಂ ಹರವಿ, ಬಲಗೈಗೆ ಪೆನ್ನು ತುರುಕಿದಳು.

"ಬರಿ. ನಿನ್ನ ಕೈಯಲ್ಲೇ ಬರಿ. ಬೋರ್ಡ್ ಬರೀತಿದ್ದ ಹಾಗೆ, ದಪ್ಪಕ್ಕೆ."

ಅಪ್ಪ ಯಜಮಾನರು ಅನ್ನುವ ಜಾಗದಲ್ಲಿ ಅವಳ ಹೆಸರು ಬರೆದ. ಅಕ್ಷರ ಮುಂಚಿನ ಹಾಗೇ ದುಂಡಗೆ ಬಂತು. ಮನೆ ನಂಬರು ಬರೆದ. ಮೊಬೈಲಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅಳಿಯನ ಹತ್ತೂ ಅಂಕಿಗಳನ್ನು ಎರಡು ಸಲ ತಪ್ಪಿಲ್ಲದೆ ಬರೆದಿದ್ದ ಅಪ್ಪ ತಲೆ ಎತ್ತಿ ಮಗಳ ಮುಖ ನೋಡಿದ.

"ನಿಂದು ಎಷ್ಟು ಮಗಾ ನಂಬರು?"

ತನಗೆ ಬೇಕಾದಾಗಲೆಲ್ಲ ಫೋನಿನ ಎರಡರ ಗುಂಡಿಯನ್ನು ಒತ್ತಿ ಹಿಡಿದರೆ ಮಗಳಿಗೆ ಕರೆ ಹೋಗುತ್ತಿತ್ತು, ಅಷ್ಟೇ ಸಾಕಾಗಿತ್ತು ಅವನಿಗೆ. ಒತ್ತಿದಾಗಲೆಲ್ಲ ಅವಳು ಎತ್ತಿದ್ದಳು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದಿನ ಸೀಟಿನವರಿಗೂ ಕೇಳಬೇಕು ಅನ್ನುವಷ್ಟು ಗಟ್ಟಿಯಾಗಿ, ಒಂದೊಂದೇ ಅಂಕಿಯನ್ನು ಕೂಗಿ ಹೇಳತೊಡಗಿದಳು.