ಪುಷ್ಪಾವತಿಯ ಬಗ್ಗೆ ಶಂಭಣ್ಣ ಹೇಳಿದ್ದು, ನಾನು ಹೇಳದ್ದು

ಪುಷ್ಪಾವತಿ ಕಾರ್ಕಳದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಗುರುವಪ್ಪ ಹೋಟೆಲಿನಲ್ಲಿ ಸಪ್ಲಾಯರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ಆಗಿದ್ದ. ದಿನವಿಡೀ ನಿಂತು ನಿಂತು ಮೊಣಕಾಲು ಹೋಯಿತು, ಈಗ ಮನೆಯಲ್ಲೇ ಇದ್ದಾನೆ. ಮಗಳು ಪ್ರೇಕ್ಷಾ ಕಾಲೇಜು. ಮನೆ ನಡೆಯುತ್ತಿದ್ದದ್ದು ಪುಷ್ಪಾವತಿಯ ಸಂಬಳದಿಂದ, ಅದು ಎಲ್ಲರಿಗೂ ಗೊತ್ತಿತ್ತು, ಶಂಭಣ್ಣನಿಗೂ ಗೊತ್ತಿತ್ತು.

ಶಂಭಣ್ಣ ನಮ್ಮ ಧಣಿ. ಉಡುಪಿಯವರು. ಭಿವಂಡಿಯಲ್ಲಿ ಔಷಧಿ ಕಂಪನಿಗಳ ಸಾಮಾನು ಇಡುವ ಗೋದಾಮು ಅವರದ್ದು. ಅಲ್ಲಿ ಪುಷ್ಪಾವತಿ ಒಂಬತ್ತು ವರ್ಷ ಸ್ಟಾಕ್ ನೋಡಿಕೊಂಡಳು. ನಾನು ದಮಯಂತಿ, ನೌಕರರ ಫೈಲು, ರಜೆ, ಹಾಜರಿ ಇವೆಲ್ಲ ನನ್ನ ಮೇಜಿನಲ್ಲಿ. ನನ್ನ ನಾಲಿಗೆ ಸ್ವಲ್ಪ ಚೂಪು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಜನವರಿಯಲ್ಲಿ ಮೂವತ್ತೆಂಟು ಬಾಕ್ಸ್ ಕಡಿಮೆ ಬಂದವು. ಶಂಭಣ್ಣ ಅವಳನ್ನು ಕರೆದು ತುಂಬ ಪ್ರೀತಿಯಿಂದಲೇ ಮಾತಾಡಿದರು. "ವಿಚಾರಣೆ ಗಿಚಾರಣೆ ಎಂತದ್ದೂ ಬೇಡ ಮಾರಾಯ್ತಿ. ಊರಿಗೆ ಗೊತ್ತಾದ್ರೆ ನಿನ್ನ ಮಗಳಿಗೇ ಕಷ್ಟ. ರಾಜೀನಾಮೆ ಕೊಟ್ಟು ಹೋಗು. ನಮ್ಮವಳೆಂದು ಹೇಳುವುದು ನಾನು."

ನಮ್ಮವರಲ್ಲಿ ಇದೊಂದು ಅಭ್ಯಾಸ. ಊರಿನವರು ತಪ್ಪು ಮಾಡಿದರೆ ಮುಚ್ಚಿಹಾಕುವುದು ದೊಡ್ಡತನ. ಮಾಡದಿದ್ದರೂ ಮುಚ್ಚಿಹಾಕುತ್ತಾರೆ! ಪುಷ್ಪಾವತಿ ಹೆದರಿದಳು. "ನಾನು ತೆಗೆದಿಲ್ಲ ಧಣಿ" ಎಂದಳು, ಆದರೆ ವಿಚಾರಣೆ ಮಾಡಿ ಎನ್ನಲಿಲ್ಲ. ಅಲ್ಲೇ ಕುಳಿತು ಬರೆದುಕೊಟ್ಟು ಎದ್ದಳು.

ಬಾಕ್ಸ್‌ಗಳು ಕಳುವಾಗಿರಲೇ ಇಲ್ಲ. ಬದಲಾಪುರದ ಡಿಪೋಗೆ ಹೋಗುವ ಲಾರಿಗೆ ತಪ್ಪಿ ಏರಿದ್ದವು. ಅಲ್ಲಿ ಸ್ಟಾಕ್ ತಪಾಸಣೆ ಆದಾಗ ಒಂದೂ ಬಿಡದೆ ಸಿಕ್ಕವು. ನಾನು ಶಂಭಣ್ಣನಿಗೆ ಹೇಳಿದೆ. "ಆಯ್ತಲ್ಲ, ಈಗ ಎಂತ ಮಾಡುದು? ಅವಳು ಬಿಟ್ಟಾಯ್ತು" ಎಂದರು. ಬಾಕ್ಸ್ ಸಿಕ್ಕಿದ ಕಾಗದವನ್ನು ಅವಳ ಫೈಲಿಗೆ ಸೇರಿಸಿ ಇಟ್ಟೆ.

ಇತ್ತ ಪುಷ್ಪಾವತಿ ಕೆಲಸ ಹುಡುಕಿ ಠಾಣೆ, ಕಲ್ಯಾಣ ಎಲ್ಲ ಅಲೆಯುತ್ತಿದ್ದಳು. ಎರಡು ಕಡೆ ಕೆಲಸ ಆಗಿ, ಸೇರುವ ದಿನವೂ ಗೊತ್ತಾಗಿ, ಕೊನೆ ಗಳಿಗೆಯಲ್ಲಿ ತಪ್ಪಿತು. ಕಾರಣ ಯಾರೂ ಹೇಳಲಿಲ್ಲ. ಎರಡನೆಯ ಕಂಪನಿಯ ಮಾನಸಿ ಎಂಬ ಹುಡುಗಿ ಮಾತ್ರ ಮೆಲ್ಲಗೆ, "ಆಂಟಿ, ತುಮ್ಚ್ಯಾ ಜುನ್ಯಾ ಕಂಪನಿಚಾ ರಿಪೋರ್ಟ್ ಚಾಂಗ್ಲಾ ನಾಹೀ" ಎಂದಳಂತೆ. ಹಳೆಯ ಕಂಪನಿಯವರು ಒಳ್ಳೆಯದು ಹೇಳಲಿಲ್ಲ ಎಂದು ಅರ್ಥ.

ಹೇಗೆ ಹೇಳಿದ್ದರೆಂದು ನನಗೆ ಗೊತ್ತು. ಜೂನ್ ತಿಂಗಳಲ್ಲಿ ಅವಳ ಬಗ್ಗೆ ಕೇಳಿ ಒಂದು ಫೋನು ಬಂದಾಗ ನಾನು ಅದೇ ಕೋಣೆಯಲ್ಲಿದ್ದೆ. ಶಂಭಣ್ಣ ನಕ್ಕು, "ಕಾಮ್ ಮೇ ಏಕ್ದಮ್ ತೇಜ್ ಹೈ. ಬಸ್ ಮಾಲ್ ಪರ್ ಜರಾ ನಜರ್ ರಖ್ನಾ. ಮೈನೇ ಕುಛ್ ನಹೀ ಬೋಲಾ" ಎಂದರು. ಹೊಗಳಿದ ಬಾಯಲ್ಲೇ ಮಾಲಿನ ಮೇಲೆ ಕಣ್ಣಿಡಿ, ನಾನೇನೂ ಹೇಳಿಲ್ಲ ಎಂದರು, ಬಾಕ್ಸ್ ಸಿಕ್ಕಿದ್ದು ಗೊತ್ತಿದ್ದೂ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಬ್ಬಳ ಅನ್ನ ತೆಗೆದರು. ನನಗೆ ಮೈ ಉರಿಯಿತು. ಉರಿದುಕೊಂಡೇ ಊಟಕ್ಕೆ ಹೋದೆ.

ಆಗಸ್ಟಿನಲ್ಲಿ ಪುಷ್ಪಾವತಿ ನಮ್ಮ ಮನೆಗೆ ಬಂದಳು. ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಔಷಧಿ ಕಂಪನಿ ಅವಳನ್ನು ಆರಿಸಿತ್ತು. ಹಳೆಯ ಕಂಪನಿಯಲ್ಲಿ ವಿಚಾರಿಸಲು ಅವಳ ಒಪ್ಪಿಗೆಯ ಸಹಿಯನ್ನೂ ಪಡೆದಿತ್ತು.

"ದಮಯಂತಿಯಕ್ಕ, ಇದೂ ಹೋದ್ರೆ ಪ್ರೇಕ್ಷಾನ ಕಾಲೇಜು ಬಿಡಿಸ್ಬೇಕು. ನಂಗೆ ಇನ್ನು ಎಲ್ಲಿಗೂ ಹೋಗ್ಲಿಕ್ಕೆ ಶಕ್ತಿ ಇಲ್ಲ" ಎಂದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೊಟ್ಟ ದೋಸೆಯನ್ನೂ ಮುಟ್ಟಲಿಲ್ಲ.

ನಾನೇ ಅವಳನ್ನು ಕಲ್ಯಾಣ ಕೋರ್ಟಿನ ಹತ್ತಿರ ರಂಜನ್ ವಕೀಲರ ಬಳಿಗೆ ಕರೆದುಕೊಂಡು ಹೋದೆ.

"ರೆಫರೆನ್ಸ್ ಕೊಡಲೇಬೇಕೆಂದು ನಿಮ್ಮಂಥ ಖಾಸಗಿ ಕಂಪನಿಗೆ ಕಾನೂನಿನ ಒತ್ತಾಯ ಇಲ್ಲ" ಎಂದರು ಅವರು. "ಕೆಲಸ ಮಾಡಿದ ತಾರೀಖು, ಹುದ್ದೆ ಅಷ್ಟೇ ಹೇಳಿ ಸುಮ್ಮನಿದ್ದರೂ ತಪ್ಪಲ್ಲ. ಕೆಟ್ಟದ್ದು ಹೇಳಲೇಬಾರದು ಅಂತಲೂ ಇಲ್ಲ. ವಿಚಾರಿಸಿ ನೋಡಿ, ನಿಜವೆಂದು ಪ್ರಾಮಾಣಿಕವಾಗಿ ನಂಬಿ, ಕೆಲಸ ಕೊಡುವವರು ಕೇಳಿದ್ದಕ್ಕೆ ಹೇಳಿದರೆ ಕಾನೂನು ರಕ್ಷಣೆ ಕೊಡುತ್ತದೆ. ಸುಳ್ಳೆಂದು ಗೊತ್ತಿದ್ದೂ ಹೇಳಿದರೆ ಆ ರಕ್ಷಣೆ ಹೋಯಿತು. ಅದು ಮಾನಹಾನಿ."

"ಅವರು ಸುಳ್ಳೇ ಹೇಳಿದ್ದು ಸಾರ್" ಎಂದಳು ಪುಷ್ಪಾವತಿ.

"ಇರಬಹುದು ಅಮ್ಮ. ಇಂಥದ್ದನ್ನು ಫೋನಿನಲ್ಲೇ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ಕೇಳಿದವರು ಯಾರಾದರೂ ಬಂದು ಹೇಳಬೇಕು. ಯಾರಾದರೂ ಇದ್ದಾರಾ?"

ನಾನು ಫ್ಯಾನು ನೋಡಿದೆ. ನಿವೃತ್ತಿಗೆ ಒಂದು ವರ್ಷ ಇತ್ತು ನನಗೆ. ಪುಷ್ಪಾವತಿ ಇಲ್ಲವೆಂದು ತಲೆಯಾಡಿಸಿದಳು. ರಂಜನ್ ಶಂಭಣ್ಣನಿಗೆ ಮಾನಹಾನಿಯ ಒಂದು ನೋಟಿಸು ಕಳುಹಿಸಿದರು.

ನೋಟಿಸು ಓದಿ ಶಂಭಣ್ಣ ಬಿಳಿಚಿಕೊಂಡರು. "ಇನ್ನು ಬಾಯಿ ಬಿಡುದಿಲ್ಲ. ತಾರೀಖು, ಹುದ್ದೆ, ಮುಗೀತು!" ಮಹಾಪೆಯಿಂದ ಬಂದ ಫಾರಂನಲ್ಲಿ ಅಷ್ಟನ್ನೇ ತುಂಬಲು ಹೇಳಿದರು. ಬಿಟ್ಟ ಕಾರಣ, ಪ್ರಾಮಾಣಿಕತೆ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ ಎಂಬ ಮೂರೂ ಜಾಗ ಖಾಲಿ. ಕಾನೂನಿನ ಲೆಕ್ಕದಲ್ಲಿ ಅದರಲ್ಲಿ ತಪ್ಪು ಏನೂ ಇರಲಿಲ್ಲ. ನಾನೇ ಕಳುಹಿಸಿದೆ.

ಮರುದಿನ ಪುಷ್ಪಾವತಿಯ ಫೋನು. "ಅಕ್ಕಾ, ಖಾಲಿ ಯಾಕೆ ಬಿಟ್ಟದ್ದು? ಏನೋ ಉಂಟು ಅಂತ ಮಹಾಪೆಯವರು ಹೇಳ್ತಿದ್ದಾರೆ. ಶುಕ್ರವಾರದ ಒಳಗೆ ಸ್ಪಷ್ಟ ಮಾಡದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಬೈದ್ರೂ ಬೈಯಲಿ ಅಕ್ಕ, ಏನಾದ್ರೂ ಬರೀಲಿ!" ಆಮೇಲೆ ಅವಳು ಬಿಕ್ಕುವುದು ಮಾತ್ರ ಕೇಳಿಸಿತು.

ಆಗ ನಾನು ಹೇಳಿದೆ. "ಪುಷ್ಪಾ, ಬಾಕ್ಸ್‌ಗಳು ಸಿಕ್ಕಿವೆ. ಬದಲಾಪುರದಲ್ಲಿ. ಅದನ್ನೇ ಬರೀಬಹುದು. ಆದರೆ ಅದನ್ನು ಬರೆಯಬೇಕಾದರೆ ನಿನ್ನ ಮೇಲೆ ಸಂಶಯ ಇತ್ತು ಎಂದೂ ಬರೆಯಬೇಕಾಗ್ತದೆ."

ಅವಳ ಬಿಕ್ಕು ನಿಂತಿತು. "ಬರೀರಿ. ಎಲ್ಲ ಬರೀರಿ. ಮುಚ್ಚಿಟ್ಟೇ ಅಲ್ವಾ ನಾನು ಸತ್ತದ್ದು?"

ಕಾಗದ ತಯಾರು ಮಾಡಿ ಶಂಭಣ್ಣನ ಮುಂದಿಟ್ಟೆ. ಅವರು ತಳ್ಳಿದರು. "ನಂಗೆ ಕೊಡ್ಲೇಬೇಕು ಅಂತ ಉಂಟಾ? ಇಲ್ಲ ಅಲ್ವಾ?"

"ಇಲ್ಲ" ಎಂದೆ. "ಆದರೆ ಜೂನ್‌ನಲ್ಲಿ ನೀವು ಫೋನಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಬಾಕ್ಸ್ ಸಿಕ್ಕಿದ್ದು ನಿಮಗೆ ಗೊತ್ತಿತ್ತು ಎಂಬುದೂ ನನಗೆ ಗೊತ್ತು. ವಕೀಲರು ಸಾಕ್ಷಿ ಹುಡುಕ್ತಿದ್ದಾರೆ. ಹೋಗ್ಲಾ? ಇದರಲ್ಲಿ ಇರುವುದೆಲ್ಲ ಫೈಲಿನಲ್ಲಿ ಇರುವ ನಿಜ. ನಿಜ ಬರೆದು ಸಹಿ ಹಾಕಿದವನನ್ನು ಯಾರೂ ಕೋರ್ಟಿಗೆ ಎಳೆದು ಗೆಲ್ಲುವುದಿಲ್ಲ."

"ಉಂಡ ಮನೆಗೆ ಎರಡು ಬಗೆಯುದಾ ನೀನು?" ಎಂದರು. ತಳ್ಳಿದ ಕಾಗದವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಸಹಿ ಹಾಕಿದರು.

ಗುರುವಾರ ಮಧ್ಯಾಹ್ನ ಕಾಗದ ಮಹಾಪೆಗೆ ಹೋಯಿತು. ಸಂಜೆಯೇ ಉತ್ತರ ಬಂತು, ಸೋಮವಾರ ಬಂದು ಸೇರಿ ಎಂದು. ನಾನು ಒಂದು ಪ್ರತಿ ತೆಗೆದುಕೊಂಡು ಡೊಂಬಿವಲಿಗೆ ಓಡಿದೆ. ಬಾಗಿಲಲ್ಲೇ ಪುಷ್ಪಾವತಿ ನನ್ನನ್ನು ತಬ್ಬಿಕೊಂಡಳು. ಗುರುವಪ್ಪ ಕಷ್ಟಪಟ್ಟು ಎದ್ದು ಕೈಮುಗಿದ. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಅವಳು ಕುಳಿತು ಕಾಗದ ಓದಿದಳು. ಜನವರಿಯಲ್ಲಿ ಮೂವತ್ತೆಂಟು ಬಾಕ್ಸ್ ಕೊರತೆ ಕಂಡಿತು, ಇವರ ಮೇಲೆ ಸಂಶಯ ಬಂತು, ವಿಚಾರಣೆ ನಡೆಯಲಿಲ್ಲ, ಇವರು ತಾವೇ ರಾಜೀನಾಮೆ ಕೊಟ್ಟರು. ಮಾರ್ಚ್ ಹನ್ನೆರಡರಂದು ಎಲ್ಲ ಬಾಕ್ಸ್‌ಗಳೂ ಬದಲಾಪುರ ಡಿಪೋದಲ್ಲಿ ಸಿಕ್ಕವು. ಇವರ ಮೇಲೆ ಯಾವ ದೂರೂ ಇಲ್ಲ.

ಎರಡು ಸಲ ಓದಿದಳು. ಬೆರಳು ಒಂದು ಕಡೆ ನಿಂತಿತು.

"ಮಾರ್ಚ್ ಹನ್ನೆರಡು" ಎಂದಳು. "ನನ್ನ ನಂಬರ್ ನಿಮ್ಮ ಹತ್ರ ಇತ್ತಲ್ಲ?"

ಇತ್ತು. ದಿನವೂ ಮಾತಾಡುತ್ತಿದ್ದೆವು. ಅವಳು ಏಪ್ರಿಲ್‌ನಲ್ಲಿ ಬಳೆ ಮಾರಿದ್ದನ್ನೂ ನನಗೇ ಮೊದಲು ಹೇಳಿದ್ದಳು. ಆ ಐದು ತಿಂಗಳೂ ನನ್ನ ಚೂಪು ನಾಲಿಗೆ ಬಾಕ್ಸ್ ಸಿಕ್ಕಿದ ಮಾತು ಮಾತ್ರ ಎತ್ತಿರಲಿಲ್ಲ.

ಅವಳು ಕಾಗದ ಮಡಚಿ ಎದ್ದಳು. "ಚಾ ಮಾಡ್ತೇನೆ, ಕೂತುಕೊಳ್ಳಿ ಮೇಡಂ" ಎಂದಳು.