ಮಂಗಳಗೌರಿ ಮೇಡಂ ನುಂಗಿದ ಎರಡು ಸಾಲು

ಶೆಟ್ಟಿಹಳ್ಳಿಯ ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಮಂಗಳಗೌರಿ ಇದಾರಲ್ಲ, ಅವರ ಗಂಟಲಿಗೆ ಮೈಕು ಬೇಡ. ಹೊಸ ಹುಡುಗೀರು ಸೇರೋ ಭಾನುವಾರ ಅಂದ್ರೆ ಅವರಿಗೆ ಹಬ್ಬ ಕಣ್ರೀ! ಟ್ರಸ್ಟಿನವರು ಇಂಗ್ಲಿಷಿನಲ್ಲಿ ಕಳಿಸಿದ ನಿಯಮಗಳನ್ನ ಇವರೇ ಕನ್ನಡಕ್ಕೆ ತಂದು, ಬೋರ್ಡಿಗೆ ಅಂಟಿಸಿ, ಅಪ್ಪ ಅಮ್ಮಂದಿರ ಮುಂದೆ ಓದಿ ಹೇಳ್ತಾರೆ. ಇಂಗ್ಲಿಷ್ ಪ್ರತಿ ಆಫೀಸಿನ ಬೀರುವಿಗೆ ಹೋಗುತ್ತೆ, ಅದನ್ನ ಯಾರೂ ಕೇಳಲ್ಲ.

ಆದರೆ ಅವರ ಕನ್ನಡದಲ್ಲಿ ಖಾರ ಒಂದು ಚೂರು ಜಾಸ್ತಿ. ದಂಡದ ಸಾಲೆಲ್ಲ ದಪ್ಪಕ್ಷರ, ವಿನಾಯಿತಿಯ ಸಾಲು ಮಾಯ. ‘ಸಡಿಲ ಇದೆ ಅಂತ ಗೊತ್ತಾದ್ರೆ ಎಲ್ಲರೂ ಅದನ್ನೇ ಹಿಡ್ಕೋತಾರೆ. ಹೆದರಿಕೆ ಇದ್ರೆ ಮಕ್ಕಳು ಕ್ಷೇಮ’ ಅನ್ನೋದು ಅವರ ಲೆಕ್ಕಾಚಾರ. ಇಷ್ಟು ವರ್ಷ ಅದು ನಡೆದೂ ಬಿಡ್ತು.

ಈ ಸಲ ಹಾಲ್ ಕಿಕ್ಕಿರಿದಿತ್ತು. ಮಂಗಳಗೌರಿಗೂ ಭಾರೀ ಹುರುಪು.

“ಸಂಜೆ ಏಳಕ್ಕೆ ಗೇಟ್ ಬಂದ್! ತಡ ಆದ್ರೆ ನೂರು ರೂಪಾಯಿ ದಂಡ. ಮೂರನೇ ಸಲ ಆದ್ರೆ ಮನೆಯವರನ್ನ ಕರೆಸಿ ಸೀಟ್ ಕ್ಯಾನ್ಸಲ್! ನೋಡೋಕೆ ಬರೋರು ಭಾನುವಾರ ಹತ್ತರಿಂದ ನಾಲ್ಕರವರೆಗೆ ಮಾತ್ರ, ಅದೂ ಫೋಟೊ ಕೊಟ್ಟು ಹೆಸರು ಬರೆಸಿದವರು ಮಾತ್ರ. ರೂಮಿಗೆ ಯಾರೂ ಹೋಗೋಹಾಗಿಲ್ಲ, ಇದೇ ಹಾಲಲ್ಲಿ ಕೂತು ಮಾತಾಡ್ಬೇಕು.”

ಗುಬ್ಬಿ ಕಡೆಯಿಂದ ಮೊಮ್ಮಗಳನ್ನ ಬಿಡೋಕೆ ಬಂದಿದ್ದ ಗಂಗಲಕ್ಷ್ಮಮ್ಮ ಎದ್ದು ನಿಂತರು. “ಅಲ್ಲ ಕಣವ್ವ, ನಮ್ಮ ಮನೇಲಿ ಹದಿನಾಕು ಜನ ಅವ್ರೆ. ಎಲ್ರದ್ದೂ ಫೋಟೊ ಕೊಡ್ಲಾ?”

“ಇಬ್ಬರದ್ದು ಸಾಕಜ್ಜಿ!”

“ಇಬ್ರು ಅಂದ್ರೆ ಮನೇಲಿ ಜಗಳ ಆಯ್ತದೆ, ಬುಡು. ನಂದೊಂದು ಹಾಕ್ಕೊ, ಸಾಕು!”

ಹಾಲ್ ಗೊಳ್ಳೆಂದು ನಕ್ಕಿತು. ಆ ನಗುವಿನ ನಡುವೆಯೇ ಕುಣಿಗಲ್ಲಿನ ಟೈಲರ್ ಬಾಬಾ ಜಾನ್ ಮಗಳ ಟ್ರಂಕು ಎತ್ತಿಕೊಂಡರು. ಮಗಳು ಯಾಸ್ಮೀನ್ ಮುಖ ಸಪ್ಪಗಾಯಿತು.

“ಏನಣ್ಣಾ, ಎಲ್ಲಿಗೆ?” ಅಂದರು ಮಂಗಳಗೌರಿ.

“ಮನೆಗೆ ಮೇಡಂ. ಬುಧವಾರ ಇವಳಿಗೆ ಲ್ಯಾಬು ಆರೂವರೆಗೆ ಬಿಡ್ತದೆ. ಬಸ್ಸು ಹಿಡಿದು ಇಲ್ಲಿಗೆ ಬರೋ ಹೊತ್ತಿಗೆ ಏಳೂವರೆ. ಮೂರು ಬುಧವಾರ ಆದ್ರೆ ಸೀಟೇ ಹೋಯ್ತು. ಹಾಸ್ಟೆಲ್ಲಿಂದ ಆಚೆ ಹಾಕಿದ್ರಂತೆ ಅನ್ನೋ ಮಾತು ಊರಲ್ಲಿ ಕೇಳೋಕಿಂತ ಇವತ್ತೇ ಕರ್ಕೊಂಡೋಗೋದು ವಾಸಿ. ಕಾಲೇಜು ಬೇಡ ಬಿಡಿ.”

“ಅಬ್ಬಾ, ಬೇಡ ಅಬ್ಬಾ...” ಯಾಸ್ಮೀನ್ ಹಿಂದೆಯೇ ಓಡಿದಳು. ಬಾಬಾ ಜಾನ್ ಆಗಲೇ ಬಾಗಿಲು ದಾಟಿದ್ದರು.

ಮಂಗಳಗೌರಿಗೆ ಥಟ್ಟನೆ ನೆನಪಾಯಿತು. ಅಯ್ಯೋ ದೇವರೇ, ಬೀರುವಿನಲ್ಲಿರೋ ಒಂದು ಸಾಲು ಈ ಹುಡುಗಿಯ ಓದನ್ನೇ ಉಳಿಸುತ್ತೆ! ಹೇಳಿದರೆ ಇಷ್ಟು ಜನರ ಮುಂದೆ ಮಾನ ಹೋಗುತ್ತೆ, ಹೇಳದಿದ್ದರೆ ಹುಡುಗಿ ಹೋಗುತ್ತಾಳೆ. ಹೋದರೆ ಹೋಗಲಿ ಮಾನ, ಅಂತ ಆಫೀಸಿಗೆ ಓಡಿದರು. ಬೀರುವಿನಿಂದ ಇಂಗ್ಲಿಷ್ ಪ್ರತಿ ಎಳೆದುಕೊಂಡು, ಸೆರಗು ಎಲ್ಲಿದೆ ಅಂತಲೂ ನೋಡದೆ ಗೇಟಿಗೆ ಓಡಿದರು.

“ನಿಂತ್ಕೊಳ್ಳಿ ಅಣ್ಣಾ! ಇಲ್ಲೊಂದು ಸಾಲಿದೆ. ಕ್ಲಾಸು, ಲ್ಯಾಬಿಂದ ತಡ ಆಗೋದಾದ್ರೆ ಕಾಲೇಜಿಂದ ಪತ್ರ ತಂದು ಮೊದಲೇ ಅನುಮತಿ ತಗೊಂಡ್ರೆ ಸಾಕು. ದಂಡ ಇಲ್ಲ, ತಡ ಅಂತ ಲೆಕ್ಕಕ್ಕೂ ಇಲ್ಲ. ನಾನೇ ಬಿಟ್ಟಿದ್ದೆ. ಬೇಕಂತಲೇ ಬಿಟ್ಟಿದ್ದೆ!”

ಹಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ಮುತ್ತಿದರು. ಗಂಗಲಕ್ಷ್ಮಮ್ಮ, “ಭೇಷ್ ಕಣವ್ವ, ಮಕ್ಕಳನ್ನ ಹೆದರಿಸೋಕೆ ಹೋಗಿ ಅಪ್ಪನ್ನ ಹೆದರಿಸ್ಬಿಟ್ಟಲ್ಲ!” ಅಂದರು. ಮಂಗಳಗೌರಿಗೆ ನಾಚಿಕೆಯೂ ಬಂತು, ನಗುವೂ ಬಂತು.

ಬಾಬಾ ಜಾನ್ ಟ್ರಂಕು ಕೆಳಗಿಟ್ಟರು, ಆದರೆ ಹಿಡಿ ಬಿಡಲಿಲ್ಲ. “ದಂಡದ ಮಾತು ಹಂಗಿರಲಿ ಮೇಡಂ. ಕತ್ತಲಾದ ಮೇಲೆ ಮಗು ಬಂದ್ಲೋ ಇಲ್ವೋ ಅಂತ ನನಗೆ ಹೆಂಗೆ ಗೊತ್ತಾಗಬೇಕು?”

“ಬುಧವಾರ ನಾನೇ ಗೇಟಲ್ಲಿ ನಿಂತಿರ್ತೀನಿ. ಒಳಗೆ ಕಾಲಿಟ್ಟ ತಕ್ಷಣ ಫೋನ್ ಮಾಡ್ತೀನಿ. ಸರಿನಾ?”

ಯಾಸ್ಮೀನ್ ಟ್ರಂಕಿನ ಇನ್ನೊಂದು ಹಿಡಿ ಹಿಡಿದಳು. ಅಪ್ಪನ ಕೈ ಸಡಿಲವಾಯಿತು.

ಬಾಬಾ ಜಾನ್ ಬಸ್ಸು ಹತ್ತಿ ಹೋದ ಮೇಲೆ ಮಂಗಳಗೌರಿ ಕೂತು ಹೊಸ ನೋಟಿಸ್ ಬರೆದರು. ಈ ಸಲ ಒಂದು ಸಾಲನ್ನೂ ನುಂಗಲಿಲ್ಲ.

ಬುಧವಾರ ಬಂತು. ಯಾಸ್ಮೀನ್ ಕಾಲೇಜಿನ ಪತ್ರ ಬೆಳಿಗ್ಗೆಯೇ ಕೊಟ್ಟು ಹೋಗಿದ್ದಳು. ಏಳಾಯಿತು, ಗೇಟ್ ಹಾಕಿದ್ದೂ ಆಯಿತು. ಮಂಗಳಗೌರಿಗೆ ಕೂತರೆ ಕೂರೋಕಾಗ್ತಿಲ್ಲ, ನಿಂತರೆ ನಿಲ್ಲೋಕಾಗ್ತಿಲ್ಲ. ಅಂತೂ ತಿರುವಿನಲ್ಲಿ ಬ್ಯಾಗು ಕುಣಿಸುತ್ತಾ ಹುಡುಗಿ ಬಂದೇ ಬಂದಳು. “ಬಂದ್ಯಾ ತಾಯಿ! ಹೋಗು, ಸಾರು ಬಿಸಿ ಇದೆ” ಅಂತ ಒಳಗೆ ಬಿಟ್ಟು ಮಂಗಳಗೌರಿ ಫೋನ್ ಹಚ್ಚಿದರು.

ಎದುರಿನ ಟೀ ಅಂಗಡಿಯಲ್ಲಿ ಫೋನ್ ರಿಂಗಾಯಿತು.

ಬೆಂಚಿನ ಮೇಲಿಂದ ಬಾಬಾ ಜಾನ್ ಗಡಬಡಿಸಿ ಎದ್ದರು. “ನಿಯಮ ಗೊತ್ತು ಮೇಡಂ! ಭಾನುವಾರ ಮಾತ್ರ. ಅದಕ್ಕೇ ಗೇಟಿನ ಆಚೆನೇ ಕೂತಿದೀನಿ. ಬಂದ್ಲಲ್ಲ, ಸಾಕು. ಹೊರಡ್ತೀನಿ.”

“ಹೊಸ ನೋಟಿಸ್ ನೋಡಿಲ್ವಾ ನೀವು?” ಮಂಗಳಗೌರಿ ಗದರಿದರು. “ವಾರ್ಡನ್ ಒಪ್ಪಿದ್ರೆ ಅಪ್ಪ ಅಮ್ಮ ಬೇರೆ ಹೊತ್ತಲ್ಲೂ ನೋಡಬಹುದು. ಅದನ್ನೂ ನುಂಗಿದ್ದೆ ಮಹರಾಯ್ರೇ! ವಾರ್ಡನ್ ನಾನೇ, ಒಪ್ಪಿದೀನಿ, ಬನ್ನಿ ಒಳಗೆ.”

ಅಂದವರೇ ಗೇಟಿನ ಅಗುಳಿ ತೆಗೆದು, ಊಟದ ಮನೆ ಕಡೆ ತಿರುಗಿ ಕೂಗಿದರು: “ಯಾಸ್ಮೀನ್! ಹಾಲಿಗೆ ಬಾರೇ, ನಿಮ್ಮಪ್ಪ ಬಂದವ್ರೆ!”